ಪೈಪಕ್ಕನ ಹದಿನಾರು

ಪೈಪಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದುವವರಿಗೆ ಮೋಸವಾಗಬಾರದು. ಎದುರಿಗೆ ನಾನು ಅವಳನ್ನು ‘ಅಕ್ಕ, ನೀವು’ ಎಂದೇ ಮಾತಾಡಿಸುವುದು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವಳು. ಆದರೆ ಪಾಪು ಮಲಗಿದ ಮೇಲೆ ದಿನಚರಿ ಬಿಚ್ಚಿ ಕೂತರೆ ಪೆನ್ನಿಗೆ ಅಷ್ಟೊಂದು ಮರ್ಯಾದೆ ಬರುವುದಿಲ್ಲ.

ನಾವಿಬ್ಬರೂ ಒಂದೇ ಆಸ್ಪತ್ರೆಯ ಐಸಿಯುನಲ್ಲಿ ನರ್ಸುಗಳು. ಅವಳು ಕುಳ್ಳಿ, ಗಟ್ಟಿಮುಟ್ಟು. ನಡೆಯುವಾಗ ಶೂ ಸದ್ದು ಮಾಡುವುದಿಲ್ಲ, ಆದರೆ ನಗುವುದು ಲಿಫ್ಟಿನ ತನಕ ಕೇಳಿಸುತ್ತದೆ. ದಾರಿಯಲ್ಲಿ ಯಾವ ರೋಗಿಯ ಪಕ್ಕದಲ್ಲಾದರೂ ಕೊಳವೆ ಮಡಚಿಕೊಂಡಿದ್ದರೆ ಅವಳ ಕೈ ತಾನಾಗಿಯೇ ಹೋಗಿ ನೆಟ್ಟಗೆ ಮಾಡುತ್ತದೆ. ಬಾಯಿ ಇನ್ನಾರ ಹತ್ತಿರವೋ ಮಾತಾಡುತ್ತಲೇ ಇರುತ್ತದೆ. ಕೈತೊಳೆಯುವ ಜಾಗದಲ್ಲಿ ನಲ್ಲಿ ತೊಟ್ಟಿಕ್ಕುತ್ತಿದ್ದರೆ ರಿಪೇರಿಯವರನ್ನು ಕಾಯುವುದಿಲ್ಲ. ಬ್ಯಾಗಿನಲ್ಲಿ ಬಾಚಣಿಗೆಯ ಜೊತೆ ಒಂದು ಪುಟ್ಟ ಸ್ಪ್ಯಾನರ್ ಇಟ್ಟುಕೊಂಡಿದ್ದಾಳೆ.

ಅವಳ ಅಪ್ಪ ಕೊಳಾಯಿ ಕೆಲಸದವರು. ಶಾಲೆ ಇಲ್ಲದ ದಿನ ಮಗಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಮಹಡಿ ಮನೆಯವರು ‘ನೀರೇ ಬರಲ್ಲ’ ಎಂದು ಗೋಳಾಡಿದಾಗ ಅವರು ಪೈಪು ಬಿಚ್ಚಿ ಮಗಳ ಕಣ್ಣಿಗೆ ಹಿಡಿಯುತ್ತಿದ್ದರು. ಒಳಗೆ ಸುತ್ತಲೂ ಸುಣ್ಣದ ಪದರ. ಕಟ್ಟಿಕೊಂಡೇ ಹೋಗಿದೆ ಅನ್ನುವ ಹಾಗೇನೂ ಇಲ್ಲ, ಆಚೆ ಕಡೆಯ ಬೆಳಕು ಚೆನ್ನಾಗಿಯೇ ಕಾಣುತ್ತದೆ. “ಇಷ್ಟೇ ಇಷ್ಟು ಕಟ್ಟಿದ್ದಕ್ಕೆ ಮನೆಗೆ ನೀರಿಲ್ವಾ ಅಪ್ಪ?” ಎಂದು ಇವಳು. “ಇಷ್ಟೇ ಇಷ್ಟಕ್ಕೇ ಕಣಮ್ಮ” ಎಂದು ಅವರು. ಆ ‘ಇಷ್ಟೇ ಇಷ್ಟು’ ಯಾಕೆ ಅಷ್ಟೊಂದು ಮಾಡುತ್ತದೆ ಎಂಬುದು ನರ್ಸಿಂಗ್ ಓದುವಾಗ, ರಕ್ತನಾಳದ ಪಾಠದಲ್ಲಿ ಅವಳಿಗೆ ತಿಳಿಯಿತಂತೆ. ತರಗತಿಯಲ್ಲೇ ಎದ್ದು ನಿಂತು “ಅಯ್ಯೋ, ಇದು ನಮ್ಮಪ್ಪನ ಪೈಪು!” ಎಂದು ಕೂಗಿದಳಂತೆ. ಅವತ್ತಿನಿಂದ ಅವಳು ಪೈಪಕ್ಕ. ಡಾಕ್ಟರುಗಳೂ ಹಾಗೇ ಕರೆಯುತ್ತಾರೆ. ಅವಳಿಗೆ ಅದರ ಬಗ್ಗೆ ಹೆಮ್ಮೆ.

ಇದರಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಏನಿದೆ ಎಂದು ನನ್ನ ಗಂಡನೂ ಕೇಳಿದ.

ಇದೆ. ಹೆರಿಗೆ ರಜೆಗೆ ಹೋಗುವ ಮುಂಚೆ ಹೊಸದಾಗಿ ಸೇರಿದ ಹುಡುಗಿಯರಿಗೆ ಕೆಲಸ ತೋರಿಸಿಕೊಡುತ್ತಿದ್ದವಳು ನಾನು. ‘ಅಕ್ಕ, ಇದು ಹೇಗೆ, ಅಕ್ಕ, ಅದು ಹೇಗೆ’ ಎಂದು ನನ್ನ ಹಿಂದೆ ಸುತ್ತುತ್ತಿದ್ದರು. ಪಾಪುವನ್ನು ಅತ್ತೆಯ ಮಡಿಲಿಗೆ ಹಾಕಿ, ಹಾಲು ತುಂಬಿದ ಎದೆ ಹಿಡಿದುಕೊಂಡು ವಾಪಸು ಬಂದು ನೋಡಿದರೆ, ಹಿಂಡು ಪೂರ್ತಿ ಪೈಪಕ್ಕನ ಬೆನ್ನಿಗೆ ಬಿದ್ದಿದೆ. ನಾನು ಮದ್ದನ್ನು ನಿಧಾನವಾಗಿ ತಳ್ಳುವ ಸಿರಿಂಜ್ ಪಂಪಿನ ಬಗ್ಗೆ ಹೇಳಲು ಹೋದರೆ ಗುಂಗುರು ಕೂದಲಿನ ಒಬ್ಬ ಹೊಸ ಹುಡುಗಿ, ಎಲ್ಲರೂ ಅವಳನ್ನು ಗುಂಗುರು ಎಂದೇ ಕರೆಯುವುದು, “ಗೊತ್ತು ಅಕ್ಕ, ಪೈಪಕ್ಕ ಹೇಳ್ಕೊಟ್ಟಿದ್ದಾರೆ” ಎಂದು ನಕ್ಕಳು. ಪಾಪ, ಚೆನ್ನಾಗಿಯೇ ನಕ್ಕಳು. ನನಗೆ ಮಾತ್ರ ಮೆಣಸಿನಕಾಯಿ ಕಚ್ಚಿದ ಹಾಗಾಯಿತು.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಅದೇ ಸಮಯಕ್ಕೆ ಹೊಸಬರಿಗೆ ಕಲಿಸುವುದಕ್ಕೆಂದೇ ಒಂದು ಹುದ್ದೆ ಬಂತು. ಒಂದೇ ಒಂದು. ಹಗಲು ಡ್ಯೂಟಿ ಮಾತ್ರ.

ಹಗಲು ಡ್ಯೂಟಿ ಎಂದರೇನು ಎಂದು ಸಣ್ಣ ಮಗುವಿನ ತಾಯಿಯನ್ನು ಕೇಳಬೇಕು. ನನ್ನ ರಾತ್ರಿ ಪಾಳಿಯ ವಾರಗಳಲ್ಲಿ ಸಂಜೆ ನಾನು ಚೀಲ ಎತ್ತಿಕೊಂಡ ತಕ್ಷಣ ಪಾಪುವಿಗೆ ಗೊತ್ತಾಗುತ್ತದೆ. ಅಂಬೆಗಾಲಿಟ್ಟು ಬಾಗಿಲ ತನಕ ಬಂದು ಅಳುತ್ತಾನೆ. ನಾನು ಹೋದ ಮೇಲೆ ಕೋಣೆ ಕೋಣೆಗೂ ಹೋಗಿ, ಪರದೆ ಎತ್ತಿ, ಮಂಚದ ಕೆಳಗೆ ಬಗ್ಗಿ ಹುಡುಕುತ್ತಾನಂತೆ. “ಬಚ್ಚಲಿನ ಬಾಗಿಲೂ ತೆಗೆಸಿ ನೋಡಿದ ಕಣೇ” ಎಂದು ಅತ್ತೆ ನಗುನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಆ ಹುದ್ದೆ ನನಗೆ ಬೇಕಿತ್ತು. ಪೈಪಕ್ಕನಿಗೂ ಬೇಕಿತ್ತು. ಅವಳ ಮಗಳು ಹೈಸ್ಕೂಲು ಮುಗಿಸುವ ಹುಡುಗಿ, ತನ್ನ ಊಟ ತಾನೇ ಬಡಿಸಿಕೊಳ್ಳುತ್ತಾಳೆ. ಇವಳಿಗೆ ಈಗ ಹಗಲು ಡ್ಯೂಟಿ ಯಾಕೆ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಮನಸ್ಸಿನಲ್ಲಿ ಮಾತ್ರವಲ್ಲ, ಗಂಡನ ಹತ್ತಿರ ಜೋರಾಗಿಯೂ ಅಂದೆ.

ನಮ್ಮ ಐಸಿಯುನ ಮೇಲ್ವಿಚಾರಕಿಯನ್ನು ನಾವು ದೊಡ್ಡ ಸಿಸ್ಟರ್ ಎನ್ನುತ್ತೇವೆ. ಅವರು ಇಬ್ಬರನ್ನೂ ಕರೆದು ಹೇಳಿದರು: “ನೋಡ್ರಮ್ಮ, ನನಗೆ ಜಗಳ ಬೇಡ. ಇಬ್ಬರೂ ಹುಡುಗೀರಿಗೆ ಕಲಿಸಿ. ಯಾರು ಕಲಿಸಿದ್ದು ರೋಗಿ ಪಕ್ಕದಲ್ಲಿ ನಿಂತಾಗ ಕೈಗೆ ಬರುತ್ತೋ, ಅವರಿಗೆ ಕೊಡ್ತೀನಿ.”

“ಆಗ್ಲಿ ಸಿಸ್ಟರ್” ಎಂದಳು ಪೈಪಕ್ಕ. ಹೊರಗೆ ಬಂದು ನನ್ನ ಕೈ ಚಿವುಟಿ, “ಏನ್ ಪಾಪು ತಾಯಿ, ಕುಸ್ತಿನಾ?” ಎಂದು ಕಣ್ಣು ಮಿಟುಕಿಸಿದಳು. ಆ ಚಿವುಟುವಿಕೆಯಲ್ಲಿ ಸ್ವಲ್ಪ ಉಗುರೂ ಇತ್ತು.

ಅವಳ ಪಾಠ ಸಾಮಾನು ಕೋಣೆಯಲ್ಲಿ. ಕಪಾಟಿನ ಮೇಲೆ ಒಂದೇ ಎತ್ತರದಲ್ಲಿ ಡಬ್ಬಗಳು, ಪ್ರತಿಯೊಂದರ ತಳಕ್ಕೆ ಒಂದು ಕೊಳವೆ, ಕೊಳವೆಯ ತುದಿಗೆ ಅಳತೆಯ ಲೋಟ. ನಾನು ಗ್ಲೌಸ್ ತೆಗೆದುಕೊಳ್ಳುವ ನೆಪದಲ್ಲಿ ಬಾಗಿಲಲ್ಲಿ ನಿಂತೆ.

“ಎತ್ತರ ಎಲ್ಲಾದಕ್ಕೂ ಒಂದೇ. ಅಂದ್ರೆ ತಳ್ಳೋ ಒತ್ತಡ ಒಂದೇ. ಹೃದಯ ಅಂತ ಇಟ್ಕೊಳ್ಳಿ. ಈಗ ನೀರಿಗೆ ಅಡ್ಡಿ ಮಾಡೋರು ಮೂರು ಜನ. ಮೊದಲನೆಯವನು ಉದ್ದ.” ಒಂದು ಕೊಳವೆ ಇನ್ನೊಂದರ ಎರಡರಷ್ಟು ಉದ್ದವಿತ್ತು. ಅದರ ಲೋಟ ತುಂಬಲು ಸುಮಾರು ಎರಡರಷ್ಟು ಹೊತ್ತು ಹಿಡಿಯಿತು. “ಇವನು ನ್ಯಾಯಸ್ಥ. ಎರಡರಷ್ಟು ಉದ್ದ ಆದ್ರೆ ಎರಡರಷ್ಟೇ ಅಡ್ಡಿ ಮಾಡ್ತಾನೆ. ಎರಡನೆಯವನು ಗಟ್ಟಿತನ.” ಒಂದು ಡಬ್ಬಕ್ಕೆ ಸಕ್ಕರೆ ಕರಗಿಸಿದ ನೀರು ಸುರಿದಳು. ಅದು ಸೋಮಾರಿಯಂತೆ ಇಳಿಯಿತು. “ಮೈಯಲ್ಲಿ ನೀರು ಕಮ್ಮಿಯಾಗಿ ಬಂದ ರೋಗಿಯ ರಕ್ತ ಗಟ್ಟಿಯಾಗಿರುತ್ತೆ, ಕೆಂಪು ಕಣ ಜಾಸ್ತಿ ಇದ್ರೂ ಗಟ್ಟಿ. ಇವನೂ ನ್ಯಾಯಸ್ಥನೇ, ಎರಡರಷ್ಟು ಗಟ್ಟಿಯಾದ್ರೆ ಎರಡರಷ್ಟು ಅಡ್ಡಿ. ಕೆಂಪು ಕಣದ ಚೀಲ ಸಣ್ಣ ಸೂಜಿಲಿ ಹಾಕಿ, ‘ಇಳಿಯಲ್ಲ ಇಳಿಯಲ್ಲ’ ಅಂತ ನನ್ನ ಹತ್ರ ಬರ್ತೀರಲ್ಲ, ಅದಕ್ಕೇ.”

“ಮೂರನೆಯವನು?” ಎಂದಳು ಗುಂಗುರು.

“ಅವನು ರೌಡಿ. ಅಗಲ!” ಪೈಪಕ್ಕ ಎರಡು ಕೊಳವೆ ತೋರಿಸಿದಳು, ಉದ್ದ ಒಂದೇ, ಒಂದರ ಒಳಗಿನ ಅಗಲ ಇನ್ನೊಂದರ ಅರ್ಧ. “ಅರ್ಧ ಅಗಲ ಅಂದ್ರೆ ಎಷ್ಟು ನೀರು ಬರುತ್ತೆ ಹೇಳಿ.”

“ಅರ್ಧ.” “ಕಾಲು ಭಾಗ.” “ಎಂಟರಲ್ಲಿ ಒಂದು!”

“ಹದಿನಾರರಲ್ಲಿ ಒಂದು. ಎರಡನ್ನ ಎರಡರಿಂದ, ಮತ್ತೆ ಎರಡರಿಂದ, ಮತ್ತೆ ಎರಡರಿಂದ ಗುಣಿಸಿ. ನಾಲ್ಕು ಎರಡು. ಬಿಡ್ರೀ ನೋಡೋಣ.” ಅಗಲದ ಕೊಳವೆಯ ಲೋಟ ಬೇಗ ತುಂಬಿತು. ಸಣ್ಣದು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. “ಕಾಯ್ತಾ ಇರಿ. ಇದು ತುಂಬೋ ಹೊತ್ತಿಗೆ ನಿಮ್ಮೆಲ್ಲರ ಮದುವೆ ಆಗಿ ಮಕ್ಕಳಾಗಿರ್ತವೆ.” ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಸಣ್ಣ ಕೊಳವೆಯ ಲೋಟ ತುಂಬಿದಾಗ ಲೆಕ್ಕ ಹಾಕಿ, ಬಾಗಿಲಿನಿಂದಲೇ, “ಅಕ್ಕ, ಹದಿನಾರರಷ್ಟು ಹೊತ್ತು ಹಿಡೀಲಿಲ್ಲ. ಹದಿಮೂರರ ಹತ್ರ ಬಂತು” ಎಂದೆ. ನನ್ನ ದನಿಯಲ್ಲಿದ್ದ ಖುಷಿ ನನಗೇ ಕೇಳಿಸಿತು.

ಪೈಪಕ್ಕ ತಿರುಗಿದಳು. ಒಂದು ಕ್ಷಣ ಮುಖ ಬಿಗಿಯಾಯಿತು. “ಬಂದ್ರಪ್ಪಾ ಇನ್ಸ್‌ಪೆಕ್ಟ್ರು! ಹೌದು, ಅವಳು ಹೇಳೋದು ಸರಿ. ಯಾಕೆ ಹೇಳಿ? ಅಗಲದ ಪೈಪಲ್ಲಿ ನೀರು ಓಡಿಹೋಗುತ್ತೆ, ಬಾಯಿ ಹತ್ರ ನೂಕುನುಗ್ಗಲು ಮಾಡ್ಕೊಂಡು ಸ್ವಲ್ಪ ದಂಡ ಕಟ್ಟುತ್ತೆ. ಶಿಸ್ತಾಗಿ, ನಿಧಾನವಾಗಿ ಹರಿಯೋ ಕಡೆ ಹದಿನಾರು. ನಮ್ಮ ದೇಹದ ಸಣ್ಣ ನಾಳದಲ್ಲಿ ರಕ್ತ ಶಿಸ್ತಾಗೇ ಹೋಗುತ್ತೆ.” ಹುಡುಗಿಯರು ಅದನ್ನೂ ತಲೆಯಾಡಿಸಿ ಕೇಳಿಸಿಕೊಂಡರು. ನಾನು ಹಾಕಿದ ಕಲ್ಲನ್ನೂ ಅವಳು ಮೆಟ್ಟಿಲು ಮಾಡಿಕೊಂಡಳು. ಗ್ಲೌಸ್ ತೆಗೆದುಕೊಳ್ಳುವುದನ್ನೇ ಮರೆತು ವಾಪಸು ಬಂದೆ.

ಹೊರಡುವಾಗ ಬೆನ್ನ ಹಿಂದೆ ಅವಳು ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ದೊಡ್ಡ ಅಪಧಮನಿ ರಾಜಮಾರ್ಗ ಇದ್ದ ಹಾಗೆ, ಅಲ್ಲಿ ಅಡ್ಡಿ ತೀರಾ ಕಮ್ಮಿ. ಕೂದಲಿಗಿಂತ ಸಣ್ಣ ಲೋಮನಾಳಗಳಿವೆಯಲ್ಲ, ಅವು ಒಂದೊಂದೂ ಕಿರಿದು, ಆದ್ರೆ ಲೆಕ್ಕಕ್ಕೆ ಸಿಗದಷ್ಟು ಒಟ್ಟೊಟ್ಟಿಗೆ ಇವೆ. ಅದಕ್ಕೇ ಎಲ್ಲಾ ಸೇರಿ ಅಡ್ಡಿ ಕಮ್ಮಿ. ಇವೆರಡರ ಮಧ್ಯೆ ಇರೋ ಕಿರು ಅಪಧಮನಿ ಇದೆ ನೋಡಿ, ಅದರ ಗೋಡೆ ತುಂಬ ಸ್ನಾಯು. ಬಿಗಿಯುತ್ತೆ, ಸಡಿಲ ಆಗುತ್ತೆ. ಅದೇ ನಲ್ಲಿ. ಹತ್ತರಲ್ಲಿ ಒಂದು ಪಾಲು ಕಿರಿದಾದ್ರೆ ಸಾಕು, ಅಡ್ಡಿ ಒಂದೂವರೆ ಪಟ್ಟು. ಸೋಂಕು ರಕ್ತಕ್ಕೆ ಏರಿದಾಗ ಊರಿನ ನಲ್ಲಿಯೆಲ್ಲ ಒಟ್ಟಿಗೆ ತೆರೆದುಬಿಟ್ಟ ಹಾಗೆ. ಮೇನ್ ಪೈಪಲ್ಲಿ ಒತ್ತಡ ಎಲ್ಲಿಂದ ಬರುತ್ತೆ? ಆಗ ಕೊಡೋ ಮದ್ದು ನಲ್ಲಿಗಳನ್ನ ಒಂಚೂರು ಬಿಗಿಯಾಗಿ ತಿರುಗಿಸೋ ಕೈ.”

ಚೆನ್ನಾಗಿ ಹೇಳಿದಳು. ಅದೇ ನನ್ನ ಸಂಕಟ.

ನನ್ನ ಪಾಠ ಬೇರೆ ಥರ. ನಾನು ನಲ್ಲಿ ಪೈಪು ಎನ್ನುವುದಿಲ್ಲ ಎಂದು ಹಟ ತೊಟ್ಟಿದ್ದೆ. ರಕ್ತದೊತ್ತಡ ಏರಿಸುವ ನಾರ್ ಅಡ್ರಿನಲಿನ್ ಸಿರಿಂಜ್ ಮುಗಿಯುವ ಹೊತ್ತಿಗೆ ಹೊಸ ಸಿರಿಂಜ್ ಹೇಗೆ ಹಾಕಬೇಕು ಎಂಬುದನ್ನು ಆರಿಸಿಕೊಂಡೆ. ಒಂದನ್ನು ತೆಗೆದು ಇನ್ನೊಂದನ್ನು ಸಿಕ್ಕಿಸಿದರೆ ಮಧ್ಯೆ ಮದ್ದು ನಿಂತು ಒತ್ತಡ ಕುಸಿಯುತ್ತದೆ. ಅದಕ್ಕೆ ನಾವು ಎರಡು ಪಂಪ್ ಇಟ್ಟು, ಹೊಸದನ್ನು ಓಡಲು ಬಿಟ್ಟು, ಮದ್ದು ರೋಗಿಗೆ ತಲುಪಿ ಒತ್ತಡ ಏರತೊಡಗಿದ ಮೇಲೆ ಹಳೆಯದನ್ನು ಇಳಿಸುತ್ತೇವೆ. ನಾನು ಒಂದೊಂದು ಮೆಟ್ಟಿಲೂ ಬಿಡದೆ ಹೇಳಿದೆ. ಹುಡುಗಿಯರು ಬರೆದುಕೊಂಡರು. ಒಬ್ಬಳು ಆಕಳಿಸಿದಳು. ಯಾರೂ ನಗಲಿಲ್ಲ.

ಅವತ್ತು ಮಧ್ಯಾಹ್ನ ಗಂಡ ಪಾಪುವನ್ನು ಹಾಲು ಕುಡಿಸಲೆಂದು ಗೇಟಿನ ಹತ್ತಿರ ಕರೆತಂದಿದ್ದ. ನಾನು ಓಡಿಹೋಗುವ ಹೊತ್ತಿಗೆ ಪಾಪು ಪೈಪಕ್ಕನ ಸೊಂಟದ ಮೇಲೆ ಕೂತು ಅವಳ ಎದೆಗೆ ತೂಗುಹಾಕಿದ ಗಡಿಯಾರ ಕಚ್ಚುತ್ತಿದ್ದ. “ಅಳ್ತಾ ಇದ್ದ. ಅವರು ಎತ್ಕೊಂಡ ಕೂಡ್ಲೆ ಗಪ್‌ಚಿಪ್” ಎಂದ ಗಂಡ, ಮೆಚ್ಚುಗೆಯಿಂದ.

“ಕೊಡಿ ಇಲ್ಲಿ” ಎಂದು ಕಿತ್ತುಕೊಂಡ ಹಾಗೆ ತೆಗೆದುಕೊಂಡೆ. ನನ್ನ ತೋಳಿಗೆ ಬಂದ ತಕ್ಷಣ ಪಾಪು ಅಳಲು ಶುರು ಮಾಡಿದ. ಪೈಪಕ್ಕ ಅಲ್ಲೇ ನಿಂತು, ನಾನು ಅವನನ್ನು ಎದೆಗೆ ಒತ್ತಿಕೊಳ್ಳುವುದನ್ನು ನೋಡಿ ಹೊರಟುಹೋದಳು.

ಎರಡು ಮೂರು ದಿನ ಕಳೆದಿರಬೇಕು. ನನ್ನ ರೋಗಿಯ ಪಕ್ಕದ ಬೆಡ್ಡಿನಲ್ಲಿ ಒಬ್ಬರು ತಾತ ಇದ್ದರು, ಬಸ್ ಓಡಿಸಿ ನಿವೃತ್ತರಾದವರು. ಕಾಲಿನ ಹುಣ್ಣಿನಿಂದ ಸೋಂಕು ರಕ್ತಕ್ಕೆ ಏರಿ ಒತ್ತಡ ನೆಲ ಕಚ್ಚಿತ್ತು. ಈಗ ನಾರ್ ಅಡ್ರಿನಲಿನ್ ಮೇಲೆ ನಿಂತಿತ್ತು. ಅವರ ಹೆಂಡತಿ ಬಾಗಿಲ ಗಾಜಿಗೆ ಹಣೆ ಒತ್ತಿಕೊಂಡು ಕೂತಿರುತ್ತಿದ್ದರು. ಆ ಬೆಡ್ ಪೈಪಕ್ಕನದು, ಜೊತೆಗೆ ಕಲಿಯಲು ಗುಂಗುರು. ಪೈಪಕ್ಕ ಊಟಕ್ಕೆ ಹೋಗಿದ್ದಳು. ಆ ಹೊತ್ತಿಗೆ ತಾತನನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು. ನಾನು ನನ್ನ ರೋಗಿಯ ಕಫ ತೆಗೆಯುತ್ತಿದ್ದೆ.

ತಾತನ ಮಾನಿಟರ್ ಕೂಗಿತು. ಸಾಮಾನ್ಯವಾಗಿ ಅವರದು ಒತ್ತಡ ಬಿತ್ತು ಎಂದು ಕೂಗುತ್ತಿತ್ತು. ಈಗ ನೋಡಿದರೆ ಮೇಲಿನ ಅಂಕಿ ನೂರರ ಆಸುಪಾಸಿನಿಂದ ಇನ್ನೂರು ದಾಟಿ ಇನ್ನೂ ಏರುತ್ತಿದೆ. ತಾತ “ತಲೆ, ತಲೆ” ಎಂದು ಹಣೆ ಹಿಡಿದುಕೊಂಡರು. ಗುಂಗುರುವಿನ ಕೈಯಲ್ಲಿ ಆಂಟಿಬಯೋಟಿಕ್ಕಿನ ಸಿರಿಂಜ್, ಖಾಲಿ. ಅದು ಸಿಕ್ಕಿಕೊಂಡಿದ್ದದ್ದು ನಾರ್ ಅಡ್ರಿನಲಿನ್ ಹೋಗುವ ಕೊಳವೆಯ ಕವಲಿಗೆ.

ಕುತ್ತಿಗೆಯ ನಾಳಕ್ಕೆ ಹಾಕಿದ ಆ ಕೊಳವೆಯೊಳಗೆ ಮೂರು ದಾರಿಗಳಿರುತ್ತವೆ. ಒಂದು ದಾರಿ ನಾರ್ ಅಡ್ರಿನಲಿನ್‌ಗೇ ಮೀಸಲು. ಆ ದಾರಿಯ ಹೊಟ್ಟೆಯಲ್ಲಿ ಯಾವಾಗಲೂ ಸ್ವಲ್ಪ ಮದ್ದು ತುಂಬಿರುತ್ತದೆ, ಅರ್ಧ ಚಮಚವೂ ಇಲ್ಲ. ಆದರೆ ನಿಧಾನವಾಗಿ ಹಲವು ನಿಮಿಷ ಹೋಗಬೇಕಾದದ್ದು ಅದು. ಹಿಂದಿನಿಂದ ಬೇರೆ ಔಷಧ ಒತ್ತಿದರೆ ಅಷ್ಟೂ ಒಂದೇ ಉಸಿರಿಗೆ ಮೈಗೆ ಹೋಗುತ್ತದೆ. ಮೈಯ ಕಿರು ಅಪಧಮನಿಗಳೆಲ್ಲ ಒಟ್ಟಿಗೆ ಒಂಚೂರು ಬಿಗಿದರೂ ಸಾಕು, ಒತ್ತಡ ಆಕಾಶಕ್ಕೆ ಹಾರುತ್ತದೆ.

ಬಚ್ಚಿಡುವುದೇಕೆ, ನನ್ನ ತಲೆಗೆ ಮೊದಲು ಬಂದದ್ದು: ಇದು ಪೈಪಕ್ಕನ ಶಿಷ್ಯೆಯ ಕೆಲಸ. ಅದು ಬಂದು ಹೋಗಲು ಹಿಡಿದದ್ದು ನಾನು ಎರಡು ಹೆಜ್ಜೆ ಇಡುವಷ್ಟು ಹೊತ್ತು. “ಡಾಕ್ಟರ್ನ ಕರೀರಿ!” ಎಂದು ಕೂಗಿ ತಾತನ ಪಕ್ಕ ತಲುಪಿದಾಗ ಗುಂಗುರುವಿನ ಬೆರಳು ಪಂಪಿನ ನಿಲ್ಲಿಸುವ ಗುಂಡಿಯ ಮೇಲಿತ್ತು.

“ಮುಟ್ಟಬೇಡ!”

“ಅಕ್ಕ, ಪ್ರೆಷರ್ ಇನ್ನೂರಿಪ್ಪತ್ತು! ಮದ್ದು ಜಾಸ್ತಿ ಆಗಿದೆ, ನಿಲ್ಲಿಸ್ಬೇಕು!”

ಎಂಥವರಿಗೂ ಹಾಗೇ ಅನಿಸುತ್ತದೆ. “ಕೊಳವೆ ಪರಿಮಾಣ... ನಾನು ಕ್ಲಾಸಲ್ಲಿ ಹೇಳಿದ್ನಲ್ಲ, ಮದ್ದು ತಲುಪೋಕೆ ಹಿಡಿಯೋ ಸಮಯ...” ಎಂದೆ. ಅವಳು ನನ್ನನ್ನು ಪಿಳಿಪಿಳಿ ನೋಡಿದಳು. ಬೆರಳು ಅಲ್ಲೇ ಇತ್ತು.

ಆಗ ನನ್ನ ಬಾಯಿಂದ ಬಂದದ್ದು ನನ್ನ ಮಾತಲ್ಲ. “ನಲ್ಲಿ ಕಣೇ! ಈಗ ಎಲ್ಲಾ ನಲ್ಲಿ ಒಟ್ಟಿಗೆ ಬಿಗಿದಿದೆ. ತಿರುಗಿಸಿದ ಕೈ ಎರಡು ಮೂರು ನಿಮಿಷದಲ್ಲಿ ಸೋತುಹೋಗುತ್ತೆ. ಈಗ ಪೈಪಿನ ಹೊಟ್ಟೆಲಿ ಏನಿದೆ ಹೇಳು?”

“ಆಂಟಿಬಯೋಟಿಕ್.”

“ಹಾಗಾದ್ರೆ ಮುಂದೆ ಮೈಗೆ ಹೋಗೋದು?”

ಅವಳ ಕಣ್ಣು ಅಗಲವಾಯಿತು. “ಅದೇ... ಬರೀ ಅದೇ. ನಲ್ಲಿ ಪೂರ್ತಿ ಸಡಿಲ ಆಗುತ್ತೆ. ಒತ್ತಡ ಬೀಳುತ್ತೆ. ಪಂಪ್ ನಿಲ್ಲಿಸಿದ್ರೆ ಮದ್ದು ಬರೋದು ಇನ್ನೂ ತಡ!” ಬೆರಳು ತಾನಾಗಿ ಗುಂಡಿಯಿಂದ ಸರಿಯಿತು.

ಅಷ್ಟರಲ್ಲಿ ಕನ್ನಡಕದ ಡಾಕ್ಟರಮ್ಮ ಬಂದರು. ಒಂದೇ ನೋಟಕ್ಕೆ ಅರ್ಥ ಮಾಡಿಕೊಂಡರು. “ಪಂಪ್ ಓಡ್ತಾ ಇರಲಿ. ಆ ಕವಲಿಗೆ ಇನ್ನೇನೂ ಹಾಕ್ಬೇಡಿ. ತಾತಾ, ಕೈ ಗಟ್ಟಿಯಾಗಿ ಹಿಡಿದು ತೋರ್ಸಿ, ಮಾತಾಡ್ಸಿ ನನ್ನ” ಎಂದು ತಾತನ ಕೈ ಕಾಲು ಪರೀಕ್ಷಿಸಿದರು. “ಕೈಯಲ್ಲಿ ದಪ್ಪ ಸೂಜಿ ಇದೆಯಾ?”

“ಇದೆ. ಗಿಡ್ಡ, ಅಗಲದ್ದು” ಎಂದಳು ಗುಂಗುರು. ಯಾರ ಪಾಠ ಎಂದು ಕೇಳಬೇಕಾಗಿರಲಿಲ್ಲ.

“ಅದಕ್ಕೆ ಸಲೈನ್ ಸಿದ್ಧ ಮಾಡಿ. ಕುತ್ತಿಗೆ ಕೊಳವೆ ಉದ್ದ, ಕಿರಿದು. ಅದರಲ್ಲಿ ಬೇಗ ಇಳಿಯಲ್ಲ.”

ಒತ್ತಡ ನಿಂತಿತು, ಆಮೇಲೆ ಇಳಿಯತೊಡಗಿತು. ನೂರೈವತ್ತು, ನೂರಿಪ್ಪತ್ತು, ನೂರು. ಅಲ್ಲಿ ನಿಲ್ಲಲಿಲ್ಲ. ಎಂಬತ್ತು. ಎಪ್ಪತ್ತು. ತಾತನ ಮಾತು ತೊದಲತೊಡಗಿತು. ನಾವು ಅವರ ಕಾಲು ಎತ್ತಿ ಹಿಡಿದೆವು, ಕೈಯ ಸೂಜಿಯಲ್ಲಿ ಸಲೈನ್ ಓಡಿತು. ಪಂಪು ತನ್ನ ಪಾಡಿಗೆ ಒಂದೊಂದೇ ಹನಿ ತಳ್ಳುತ್ತಿತ್ತು. ನಾನು ಗಾಜಿನ ಕಡೆ ನೋಡದೆ ಇರಲು ಪ್ರಯತ್ನಿಸಿದೆ. ಬಹಳ ಹೊತ್ತೆನಿಸಿದ ಮೇಲೆ ಅಂಕಿ ಅರವತ್ತೆಂಟರಿಂದ ಎಪ್ಪತ್ತಕ್ಕೆ ಬಂತು. ಎಪ್ಪತ್ತೈದು. ಮದ್ದು ತಲುಪಿತ್ತು. ತಾತ ಕಣ್ಣು ತೆಗೆದು, “ಬ್ರೇಕ್ ಹಾಕಿದ್ಯಾರು?” ಎಂದರು. ಡಾಕ್ಟರಮ್ಮ ನಕ್ಕುಬಿಟ್ಟರು. ಗುಂಗುರು ಅತ್ತುಬಿಟ್ಟಳು. ತಾತ ಉಳಿದರು, ಮಾರನೆಯ ವಾರ ಹೆಂಡತಿಯ ಹತ್ತಿರ ಟೀ ಸಪ್ಪೆ ಎಂದು ಜಗಳ ಆಡುವಷ್ಟು.

ಸಂಜೆ ದೊಡ್ಡ ಸಿಸ್ಟರ್ ಎಲ್ಲರನ್ನೂ ಕೋಣೆಗೆ ಕರೆದರು. ಗುಂಗುರುವಿಗೆ ಬೈಯಲಿಲ್ಲ. ಏನಾಯಿತು ಎಂದು ಮೊದಲಿನಿಂದ ಹೇಳಿಸಿದರು. ಆಮೇಲೆ ಕೇಳಿದರು: “ಕೈ ಗುಂಡಿ ಮೇಲಿತ್ತು. ಯಾಕೆ ಒತ್ತಲಿಲ್ಲ?”

“ಅಕ್ಕ ನಲ್ಲಿ ಅಂದ್ರು ಸಿಸ್ಟರ್. ಪೈಪಕ್ಕನ ಡಬ್ಬ, ಲೋಟ ಎಲ್ಲಾ ಕಣ್ಮುಂದೆ ಬಂತು. ತಕ್ಷಣ ಗೊತ್ತಾಯ್ತು.”

ದೊಡ್ಡ ಸಿಸ್ಟರ್ ನನ್ನ ಕಡೆ ತಿರುಗಿದರು. “ಹೌದೇನಮ್ಮ?”

ಪೈಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಊಟದ ಡಬ್ಬಿ ಇನ್ನೂ ಕೈಯಲ್ಲಿತ್ತು, ಅರ್ಧ ತಿಂದದ್ದು. ನನ್ನ ಕಣ್ಣ ಮುಂದೆ ಪಾಪು ಪರದೆ ಎತ್ತುತ್ತಿದ್ದ. ‘ನಾನು ತಡೆದೆ, ಅವಳ ಶಿಷ್ಯೆ ತಪ್ಪು ಮಾಡಿದಳು’ ಎಂದರೆ ಸಾಕಿತ್ತು. ಸುಳ್ಳೂ ಅಲ್ಲ.

“ಹೌದು ಸಿಸ್ಟರ್. ನನ್ನ ಮಾತಲ್ಲಿ ಹೇಳಿದೆ, ಅವಳಿಗೆ ತಲುಪಲಿಲ್ಲ. ನಲ್ಲಿ ಅಂದೆ, ತಲುಪಿತು.” ಅಲ್ಲಿಗೆ ನಿಲ್ಲಿಸುವಷ್ಟು ದೊಡ್ಡವಳು ನಾನಲ್ಲ. “ಆದ್ರೆ ಪೈಪಿನ ಹೊಟ್ಟೆಲಿ ಏನಿರುತ್ತೆ ಅನ್ನೋದು ಪೈಪಕ್ಕನ ಪಾಠದಲ್ಲಿ ಇರಲಿಲ್ಲ. ಅವರ ಡಬ್ಬದಲ್ಲಿ ಬರೀ ನೀರು. ನೀರು ಯಾವಾಗ ಬಂದ್ರೂ ನೀರೇ.”

ಪೈಪಕ್ಕ ಡಬ್ಬಿಯ ಮುಚ್ಚಳ ತಿರುವುತ್ತಾ, “ಹೌದು. ಇರಲಿಲ್ಲ” ಎಂದಳು.

ದೊಡ್ಡ ಸಿಸ್ಟರ್ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಮದ್ದಿನ ದಾರಿಗೆ ಕೆಂಪು ಚೀಟಿ ಅಂಟಿಸಬೇಕು, ಆ ಕವಲು ಮುಚ್ಚಿಡಬೇಕು, ಆ ಪಾಠವನ್ನು ಪ್ರತಿ ಹೊಸ ತಂಡಕ್ಕೂ ಬೆಡ್ಡಿನ ಪಕ್ಕದಲ್ಲೇ ನಾನು ಹೇಳಿಕೊಡಬೇಕು ಎಂದರು. ಹುದ್ದೆ ಪೈಪಕ್ಕನಿಗೆ. “ಹೆದರಿ ನಿಂತಾಗ ನೆನಪಾಗೋ ಪಾಠ ಅವಳದು. ನಿನ್ನ ಬಾಯಲ್ಲೂ ಅದೇ ಬಂತಲ್ಲಮ್ಮ.”

ಕೆಂಪು ಚೀಟಿಯ ಕಟ್ಟನ್ನು ಕೇಳಿ ತೆಗೆದುಕೊಂಡು ಹೊರಗೆ ಬಂದೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಬೆನ್ನು ತಿರುಗಿಸಿ ಹಾಲು ಹಿಂಡುತ್ತಾ ಕೂತಿದ್ದೆ. ಪೈಪಕ್ಕ ಬಂದು ಪಕ್ಕದ ಬೆಂಚಿನಲ್ಲಿ ಕೂತಳು.

“ನನ್ನ ನಲ್ಲಿ ಕದ್ದೆ” ಎಂದಳು.

“ನೀವು ನನ್ನ ಹಗಲು ಕದ್ರಿ” ಎಂದೆ.

ಅವಳು ನಗಲಿಲ್ಲ. “ಕೋಪ ಇದ್ಯಾ?”

“ಇದೆ.”

“ಇರ್ಲಿ. ನನಗೂ ಇದೆ.” ಶೂ ಲೇಸ್ ಬಿಚ್ಚಿದಳು, ಮತ್ತೆ ಕಟ್ಟಿದಳು. “ನೀನು ರಜೆ ಮುಗಿಸಿ ಬಂದ ದಿನದಿಂದ ನಿನ್ನ ಕಂಡ್ರೆ ಉರೀತಿತ್ತು ಕಣೇ. ಹಾಲು ಸೋರ್ತಿದೆ, ನಿದ್ದೆ ಇಲ್ಲ, ಮುಖ ಬಾಡಿದೆ, ಆದ್ರೂ ಮನೆಗೆ ಓಡೋಕೆ ಕಾಯ್ತಿರ್ತೀಯ. ನನ್ನವಳು ಚಿಕ್ಕವಳಿದ್ದಾಗ ನಾನು ಬರೀ ರಾತ್ರಿ ಪಾಳಿ. ಪಾಳಿಗೊಂದಿಷ್ಟು ಹೆಚ್ಚು ಕೊಡ್ತಾರೆ ಅಂತ ಬೇಡಿ ಬೇಡಿ ತಗೊಂಡೆ. ಅವಳೂ ಹುಡುಕ್ತಿದ್ಳು, ಪರದೆ ಎತ್ತಿ, ಮಂಚದ ಕೆಳಗೆ. ಒಂದಿನ ಹುಡುಕೋದು ಬಿಟ್ಳು. ಯಾವತ್ತು ಅಂತ ನನಗೆ ಗೊತ್ತೇ ಆಗ್ಲಿಲ್ಲ. ಈಗ ನಾನು ಹೊರಟ್ರೆ ಮೊಬೈಲಿಂದ ತಲೆನೂ ಎತ್ತಲ್ಲ. ‘ಬಾಗಿಲು ಎಳ್ಕೊಂಡು ಹೋಗಮ್ಮ’ ಅಂತಾಳೆ. ಇನ್ನು ಸ್ವಲ್ಪ ದಿನಕ್ಕೆ ಹಾಸ್ಟೆಲಿಗೆ ಹೋಗ್ತಾಳೆ. ಇಷ್ಟೇ ಇಷ್ಟು ಉಳ್ಕೊಂಡಿದೆ. ಅದಕ್ಕೇ ಬೇಕಿತ್ತು ನನಗೆ.”

ನಾನು ಬಾಟಲಿಯ ಮುಚ್ಚಳ ಬಿಗಿ ಮಾಡಿದೆ.

“ಗೇಟಿನ ಹತ್ರ ಅವತ್ತು” ಎಂದಳು ಎದ್ದು ನಿಲ್ಲುತ್ತಾ, “ನನ್ನ ಹತ್ರ ಸುಮ್ಮನಿದ್ದ, ನಿನ್ನ ಕೈಗೆ ಬಂದ ಕೂಡ್ಲೆ ಅತ್ತ, ಅಲ್ವಾ? ಯಾರ ಹತ್ರ ಅತ್ರೆ ನಡೆಯುತ್ತೆ ಅಂತ ಮಕ್ಕಳಿಗೆ ಗೊತ್ತಿರುತ್ತೆ. ಕಿತ್ಕೊಂಡ್ಯಲ್ಲ ರಾಕ್ಷಸಿ, ಗಡಿಯಾರದ ಪಿನ್ನೇ ಬಗ್ಗಿತು.” ಹೊರಗೆ ಹೋಗುವಾಗ ದಾರಿಯಲ್ಲಿದ್ದ ನಲ್ಲಿಯನ್ನು ಒತ್ತಿ ತಿರುಗಿಸಿ ಹೋದಳು. ಅದು ತೊಟ್ಟಿಕ್ಕುತ್ತಿರಲಿಲ್ಲ.

ಈಗ ಪೈಪಕ್ಕ ಹಗಲಿನಲ್ಲಿ ಕಲಿಸುತ್ತಾಳೆ. ಹೊಸ ತಂಡ ಬಂದಾಗ ನನಗೆ ಹೇಳಿ ಕಳಿಸುತ್ತಾಳೆ: “ಹೊಟ್ಟೆ ಪಾಠದವಳನ್ನ ಕರೀರಿ.” ನಾನು ಹೋಗಿ, ಅವಳ ಡಬ್ಬದ ಕೊಳವೆಯಲ್ಲೇ ಮೊದಲು ಕೆಂಪು ಬಣ್ಣದ ನೀರು ತುಂಬಿ, ಹಿಂದಿನಿಂದ ಬಿಳಿ ನೀರು ಒತ್ತಿ ತೋರಿಸುತ್ತೇನೆ. ಕೆಂಪು ಒಮ್ಮೆಲೇ ಚಿಮ್ಮಿ, ಆಮೇಲೆ ಬಿಳಿ, ಬಿಳಿ, ಬಿಳಿ. ಹುಡುಗಿಯರು “ಓಹ್” ಎನ್ನುತ್ತಾರೆ. ಪಾಠ ಮುಗಿದ ಮೇಲೆ ಅನುಮಾನ ಕೇಳಲು ಅವಳ ಹತ್ತಿರವೇ ಹೋಗುತ್ತಾರೆ. ನನಗೆ ಇನ್ನೂ ಉರಿಯುತ್ತದೆ.

ಇವತ್ತು ಮತ್ತೆ ರಾತ್ರಿ ಪಾಳಿ. ಇದನ್ನು ಬರೆದು ಮುಗಿಸುವಷ್ಟರಲ್ಲಿ ಪಾಪು ಎದ್ದು ಬಂದು ನನ್ನ ಚೀಲದ ಪಟ್ಟಿ ಹಿಡಿದುಕೊಂಡು ನಿಂತಿದ್ದಾನೆ. ಮೊದಲು ಎಷ್ಟೋ ಸಲ ಅವನು ಅತ್ತೆಯ ಜೊತೆ ಒಳಗಿರುವಾಗ, ಗೊತ್ತಾಗದ ಹಾಗೆ ಕದ್ದು ಹೊರಟುಬಿಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಅತ್ತೆಗೆ ಅರ್ಥವಾಗುವುದಿಲ್ಲ, “ಯಾಕೆ ಸುಮ್ಮನೆ ಅಳಿಸ್ತೀಯ?” ಎನ್ನುತ್ತಾರೆ. ನಾನು ಎದುರಿಗೇ ಚಪ್ಪಲಿ ಹಾಕಿಕೊಳ್ಳುತ್ತೇನೆ, ಎದುರಿಗೇ ‘ಹೋಗಿ ಬರುತ್ತೇನೆ’ ಎನ್ನುತ್ತೇನೆ. ಅವನು ಬಾಯಿ ತೆರೆದು, ಇಡೀ ಬೀದಿಗೆ ಕೇಳುವ ಹಾಗೆ ಅಳುತ್ತಾನೆ. ಮೆಟ್ಟಿಲು ಇಳಿಯುವ ತನಕ ನಾನು ಕಿವಿಗೊಟ್ಟು ಕೇಳಿಸಿಕೊಳ್ಳುತ್ತೇನೆ.